"ಐ ಗೆಸ್" ಅನ್ನುವ ಹುಡುಗ ಕನ್ನಡದಲ್ಲಿ ಏನನ್ನುತ್ತಾನೆ?

ಪ್ರಶ್ನೆ: ಒಂದು ಇಂಗ್ಲಿಷ್ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಬ್ಬ ಹುಡುಗ ಮಾತುಮಾತಿಗೂ "ಐ ಗೆಸ್" ಅನ್ನುತ್ತಾನೆ. ಅಮ್ಮ ಮನೇಲಿದ್ದಾರಾ ಅಂತ ಕೇಳಿದರೂ ಅದೇ. "ಇದ್ದಾರೆ, ನಾನು ಊಹಿಸುತ್ತೇನೆ" ಅಂತ ನಮ್ಮಲ್ಲಿ ಯಾವ ಹುಡುಗನೂ ಹೇಳುವುದಿಲ್ಲ. ಏನು ಬರೆಯಲಿ? "ಸಾರ್ಟ್ ಆಫ್" ಬಂದಲ್ಲೆಲ್ಲ "ಒಂಥರಾ" ಹಾಕಿದ್ದೇನೆ, ಅದು ಸರಿಯೇ?

ಉತ್ತರ: "ಇದ್ದಾರಂತೆ" ಅಂತ ಬರೆಯಿರಿ. ಖಚಿತವಿಲ್ಲದ ಮಾತಿಗೆಲ್ಲ ಅಂತೆ ಸಾಕು.

ಉತ್ತರ: ಅಂತೆ ಇಲ್ಲಿ ಕೂರುವುದಿಲ್ಲ. ಮಾತಿನ ಹೊಣೆ ತನ್ನದಲ್ಲ ಅನ್ನುವುದಕ್ಕೆ ಅಂತೆ ಬೇಕು, ಅದು ನಿಜ. ಆದರೆ ಅದು ಬೇರೆಯವರು ಹೇಳಿದ ಮಾತಿಗೆ. ಸ್ವಂತ ಊಹೆಗೆ ಬರುವುದಿಲ್ಲ.

ಹುಡುಗ ಎಲ್ಲಿ ನಿಂತಿದ್ದಾನೆ ನೋಡಿ. ಬಾಗಿಲ ಹತ್ತಿರ ಅಮ್ಮನ ಚಪ್ಪಲಿ ಕಂಡಿದ್ದರೆ "ಇರಬೇಕು" ಅನ್ನುತ್ತಾನೆ. ಕಣ್ಣಿಗೆ ಬಿದ್ದದ್ದರಿಂದ ತೀರ್ಮಾನಿಸಿದ ಮಾತು ಅದು. ಯಾವ ಗುರುತೂ ಇಲ್ಲದಿದ್ದರೆ "ಇರಬಹುದು". ತಲೆ ಕೆಡಿಸಿಕೊಳ್ಳದೆ ಸುಮ್ನೆ ಹೇಳಿದ್ದರೆ "ಇದ್ದಾರೇನೋ". ನಿಮ್ಮ ಹುಡುಗನಿಗೆ ಒಪ್ಪುವುದು ಈ ಕೊನೆಯದು. ಇಂಗ್ಲಿಷಿನಲ್ಲಿ ಅಳುಕು ಬೇರೆ ವಾಕ್ಯವಾಗಿ ನಿಲ್ಲುತ್ತದೆ, ನಮ್ಮಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಆದರೆ ಏನೋ ಎಲ್ಲಿ ಅಂಟುತ್ತದೆ ಅನ್ನುವುದು ಮುಖ್ಯ. "ಅಮ್ಮ ಬಂದರೇನೋ" ಅಂದರೆ ಅನುಮಾನ. "ಅಮ್ಮನೇನೋ ಬಂದರು" ಅಂದರೆ ಬಂದದ್ದು ಖಚಿತ, ಮುಂದೆ ಒಂದು "ಆದರೆ" ಕಾದಿದೆ. ಅವಸರದಲ್ಲಿ ನಾಮಪದಕ್ಕೆ ಅಂಟಿಸಿದರೆ ಅರ್ಥವೇ ತಿರುಗುತ್ತದೆ.

ಒಂಥರಾ ಬಗ್ಗೆಯೂ ಜಾಗ್ರತೆ. "ಊಟ ಒಂಥರಾ ಇತ್ತು" ಅಂದರೆ ಚೆನ್ನಾಗಿರಲಿಲ್ಲ ಅಂತಲೇ ಅರ್ಥ. ಪರವಾಗಿಲ್ಲ ಅನ್ನುವಂತಿದ್ದರೆ "ಸುಮಾರಾಗಿತ್ತು" ಅನ್ನಬೇಕು.

ಉತ್ತರ: ನಮ್ಮನೇಲಿ "ಸ್ವಲ್ಪ"ದಿಂದ ಹೀಗೇ ಆಯಿತು. ಅಮೆರಿಕದಲ್ಲಿ ಬೆಳೆದ ಮೊಮ್ಮಗನಿಗೆ "ಸ್ವಲ್ಪ ಬಾಗಿಲು ತೆಗಿಯಪ್ಪಾ" ಅಂದೆ. ಅವನು ಒಂದು ಗೇಣು ತೆಗೆದು ನಿಂತ! ಕೇಳುವ ಮಾತನ್ನು ಮೆತ್ತಗೆ ಮಾಡುವ ಸ್ವಲ್ಪ ಅದು, ಅಳತೆಯಲ್ಲ ಅಂತ ಹೇಗೆ ತಿಳಿಸುವುದು? ಇದನ್ನೂ ಚರ್ಚಿಸಿ.

ಪ್ರಶ್ನೆ ಕೇಳಿದವರು: ಸ್ವಲ್ಪ ನನ್ನ ಕತೆಯಲ್ಲಿಲ್ಲ, ಆದರೆ ಉದಾಹರಣೆ ಚೆನ್ನಾಗಿದೆ. "ಇದ್ದಾರೇನೋ" ಹಾಕಿದೆ, ಆ ಸಾಲು ಕೂತಿತು. ತೊಡಕು ಬೇರೆ ಕಡೆ ಇದೆ. "ನನಗೆ ಹಸಿವಾಗಿದೆ, ಐ ಗೆಸ್" ಅಂತಲೂ ಹುಡುಗ ಹೇಳುತ್ತಾನೆ. "ನನಗೆ ಹಸಿವಾಗಿದೆಯೇನೋ" ಅಂದರೆ ತನ್ನ ಹೊಟ್ಟೆಯೇ ತನಗೆ ಗೊತ್ತಿಲ್ಲದವನಂತೆ ಕಾಣುತ್ತಾನೆ.

ಉತ್ತರ: ಅಲ್ಲಿ "ಹಸಿವಾದ ಹಾಗಿದೆ" ಅನ್ನಿ. ಮೈಮನಸ್ಸಿನ ಸಂಗತಿಗೆ ನಾವು "ಹಾಗಿದೆ", "ಅನ್ಸುತ್ತೆ" ಬಳಸುತ್ತೇವೆ. ಆದರೆ ಹುಡುಗನ ಒಂದೇ ಚಾಳಿಗೆ ಮೂರು ನಾಲ್ಕು ರೂಪ ಬಂದರೆ ಅದು ಚಾಳಿ ಅಂತ ಓದುಗರಿಗೆ ಗೊತ್ತಾಗುತ್ತದೆಯೇ? ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಕತೆ ಅನುವಾದ ಮಾಡಿದವರು ಹೇಳಲಿ.