ಸಹಾಯ ಬೇಕು: ಬಿಳಿ ಕಾಲುಚೀಲದಲ್ಲಿ ಉಳಿದುಬಿಡುವ ಕೆಮ್ಮಣ್ಣಿನ ಕಲೆ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಶಾಲೆಯಿಂದ ಬರುವಾಗ ಸಮವಸ್ತ್ರಕ್ಕೂ ಬಿಳಿ ಕಾಲುಚೀಲಕ್ಕೂ ಕೆಮ್ಮಣ್ಣು ಮೆತ್ತಿಕೊಂಡೇ ಬರುತ್ತಾನೆ. ಹಸಿ ಕೆಸರನ್ನು ಉಜ್ಜಿದರೆ ಅದು ನೂಲಿನೊಳಕ್ಕೆ ಇಳಿಯುತ್ತದೆಂದು ಅರಿವಾದ ಮೇಲೆ, ಪೂರ್ತಿ ಒಣಗಲು ಬಿಟ್ಟು, ಕಾಲುಚೀಲವನ್ನು ಒಳಹೊರಗು ಮಾಡಿ ಕೊಡವಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಪುಡಿ ಉದುರಿಸಿ, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸಿ, ಆಮೇಲಷ್ಟೇ ಸೋಪಿನ ಪುಡಿಯಲ್ಲಿ ಅರ್ಧ ಗಂಟೆ ನೆನೆಸುತ್ತಿದ್ದೇನೆ. ಅಂಗಿ, ಚಡ್ಡಿಗಳು ಇಷ್ಟಕ್ಕೇ ಶುಚಿಯಾಗುತ್ತವೆ. ಆದರೆ ಕಾಲುಚೀಲದ ಹೆಣಿಗೆ ದಪ್ಪವಾಗಿರುವ ಹಿಮ್ಮಡಿಯಲ್ಲಿ ಮತ್ತು ಬೆರಳ ತುದಿಯಲ್ಲಿ ಇಟ್ಟಿಗೆಬಣ್ಣದ ಛಾಯೆ ಉಳಿಯುತ್ತದೆ.

ಒಮ್ಮೆ ಕ್ಲೋರಿನ್ ಬ್ಲೀಚ್ ಹಾಕಿ ಕೆಟ್ಟೆ. ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಜಾತಿಯದು. ಅದು ಬ್ಲೀಚಿಗೆ ಜಗ್ಗಲಿಲ್ಲ, ಕಲೆ ಹಳದಿ ತಿರುಗಿ ಇನ್ನೂ ಗಟ್ಟಿಯಾಯಿತು. ಬಳಿಕ ಬೇರೊಂದು ಜೊತೆಯನ್ನು, ಬ್ಲೀಚಿನ ಸೋಂಕೂ ಇಲ್ಲದಂತೆ (ಆಮ್ಲದೊಡನೆ ಅದು ಬೆರೆತರೆ ವಿಷಾನಿಲ ಏಳುತ್ತದೆ), ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಸಿಟ್ರಿಕ್ ಆಮ್ಲ ಕರಗಿಸಿ ಒಂದು ಗಂಟೆ ನೆನೆಸಿದೆ. ಛಾಯೆ ಅರ್ಧದಷ್ಟು ತಿಳಿಯಾಯಿತು, ಪೂರ್ತಿ ಹೋಗಲಿಲ್ಲ.

ತುಕ್ಕಿನ ಕಲೆಗೆ ಬಳಸುವ ಆಕ್ಸಾಲಿಕ್ ಆಮ್ಲವನ್ನು ಯಾರಾದರೂ ಕಾಲುಚೀಲಕ್ಕೆ ಬಳಸಿದ್ದೀರಾ? ಅದು ವಿಷವಾದ್ದರಿಂದ ಕೈಗವಸು ಹಾಕಿಯೇ ಮುಟ್ಟಬೇಕೆಂದು ಬಲ್ಲೆ. ಎಷ್ಟು ತೆಳುವಾಗಿ ಬೆರೆಸಿದಿರಿ, ಎಷ್ಟು ಹೊತ್ತು ಬಿಟ್ಟಿರಿ, ಮೇಲ್ಪಟ್ಟಿಯ ಎಲಾಸ್ಟಿಕ್ ಸಡಿಲವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಅಥವಾ ಸಿಟ್ರಿಕ್ ಆಮ್ಲದಲ್ಲೇ ಎರಡು ಮೂರು ಸಲ ನೆನೆಸಿದರೆ ಸಾಕೇ?