ಕಿರಿಯ ಗುಮಾಸ್ತರ ಹುದ್ದೆಗೆ ಅರ್ಜಿ: ಮಾದರಿ ಉತ್ತರ ಹೇಗಿರಬೇಕು?

ಪರೀಕ್ಷೆ_ಭಯ: ಪ್ರಶ್ನೆ ಹೀಗಿದೆ: "ನಿಮ್ಮನ್ನು ಶಿರಸಿಯ ಅ.ಬ.ಕ. ಎಂದು ಭಾವಿಸಿಕೊಂಡು, ಸಹಕಾರ ಸಂಘವೊಂದರ ಕಿರಿಯ ಗುಮಾಸ್ತರ ಹುದ್ದೆಗೆ ಅರ್ಜಿ ಬರೆಯಿರಿ." ನಾನು ಬರೆದ ಒಡಲು ಇದು: "ನಾನು ಬಡ ಕುಟುಂಬದವಳು. 2024ರಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಆಮೇಲೆ ಎರಡು ವರ್ಷ ಅಂಗಡಿಯಲ್ಲಿ ಲೆಕ್ಕ ಬರೆದ ಅನುಭವವಿದೆ. ದಯಮಾಡಿ ಕೆಲಸ ಕೊಡಬೇಕು." ದಿನಾಂಕ 12-06-2025. ಸಾಕಾ? ಬಯೋಡಾಟಾ ಬೇರೆ ಬೇಕಾ?

ಮಲೆನಾಡಿಗ: ಬಯೋಡಾಟಾ ಟೇಬಲ್ ಹಾಕಲೇಬೇಕು. ಹೆಸರು, ಜನ್ಮ ದಿನಾಂಕ, ವಿದ್ಯಾರ್ಹತೆ ಎಲ್ಲ ಒಂದರ ಕೆಳಗೆ ಒಂದು. ಇಲ್ಲದಿದ್ದರೆ ಅರ್ಧ ಅಂಕ ಹೋಯಿತು ಅಂತಲೇ ಲೆಕ್ಕ.

ಎಸ್‌ಡಿಎ_ಆಕಾಂಕ್ಷಿ: ಈಗ ಯಾರು ಪತ್ರ ಬರೆಯುತ್ತಾರೆ? ಕೆಪಿಎಸ್‌ಸಿ ಅರ್ಜಿ ಎಲ್ಲಾ ಆನ್‌ಲೈನ್. ಪಿಯುಸಿ ಪಾಸಾಗಿದ್ದರೆ ಎಸ್‌ಡಿಎಗೆ ಹಾಕಬಹುದು. ನಾನು ಹಾಕಿದಾಗ ಫೋಟೋ ಅಪ್‌ಲೋಡ್ ಆಗದೆ ಒದ್ದಾಡಿದ್ದೆ. ಮೊದಲು ಅದನ್ನು ಕಲಿಯಿರಿ.

ಹಳೇ_ಮೇಷ್ಟ್ರು: ಇವರು ಕೇಳಿದ್ದು ಪ್ರಶ್ನೆಪತ್ರಿಕೆಯ ಅರ್ಜಿ, ಸರ್ಕಾರಿ ನೇಮಕಾತಿ ಅಲ್ಲ. ಮಲೆನಾಡಿಗರ ಮಾತೂ ಪೂರ್ತಿ ಸರಿಯಲ್ಲ. ಪ್ರಶ್ನೆಯಲ್ಲಿ "ಸ್ವವಿವರದೊಂದಿಗೆ" ಅಂತ ಇದ್ದರೆ ಮಾತ್ರ ಟೇಬಲ್. ಇಲ್ಲದಿದ್ದರೆ ಒಡಲಿನೊಳಗೆ ಎರಡು ವಾಕ್ಯ ಸಾಕು.

ಈಗ ನಿಮ್ಮ ಒಡಲು ನೋಡೋಣಮ್ಮ. ಬಿ.ಕಾಂ. ಮುಗಿದದ್ದು 2024, ಪತ್ರದ ದಿನಾಂಕ 2025ರ ಜೂನ್. ನಡುವೆ ಎರಡು ವರ್ಷ ಎಲ್ಲಿಂದ ಬಂತು? ಲೆಕ್ಕ ಬರೆಯುವ ಕೆಲಸ ಕೇಳುವ ಪತ್ರದಲ್ಲೇ ಲೆಕ್ಕ ತಪ್ಪಿದರೆ ಹೇಗೆ! ಮೌಲ್ಯಮಾಪನದಲ್ಲಿ ಇಂಥ ಉತ್ತರಗಳು ಬಹಳ ಬರುತ್ತವೆ. ಊಹಿಸಿ ಬರೆಯುವುದು ತಪ್ಪಲ್ಲ. ಆದರೆ ಊಹಿಸಿದ್ದು ಒಂದಕ್ಕೊಂದು ತಾಳೆ ಆಗಬೇಕು. ಜಾಹೀರಾತಿನ ದಿನಾಂಕವೂ ಅಷ್ಟೇ, ಪತ್ರದ ದಿನಾಂಕಕ್ಕಿಂತ ಮೊದಲಿರಬೇಕು.

ಬಡತನದ ಸಾಲು ತೆಗೆಯಿರಿ. ಅದು ನಿಜ ಇರಬಹುದು, ಆದರೆ ಆ ಹುದ್ದೆಗೂ ಅದಕ್ಕೂ ಸಂಬಂಧ ಇಲ್ಲ. ಆ ಜಾಗದಲ್ಲಿ ಗುಮಾಸ್ತರು ಮಾಡುವ ಕೆಲಸ ಬರಲಿ. ನಾನಾದರೆ ಹೀಗೆ ಬರೆಯುತ್ತೇನೆ:

> ಇಂದ: ಅ.ಬ.ಕ., ಶಿರಸಿ
> ಗೆ: ಕಾರ್ಯದರ್ಶಿಗಳು, ಕೃಷಿ ಪತ್ತಿನ ಸಹಕಾರ ಸಂಘ, ಶಿರಸಿ
>
> ಮಾನ್ಯರೇ,
>
> ವಿಷಯ: ಕಿರಿಯ ಗುಮಾಸ್ತರ ಹುದ್ದೆಗೆ ಅರ್ಜಿ.
>
> ದಿನಾಂಕ 08-06-2025ರ ದಿನಪತ್ರಿಕೆಯಲ್ಲಿ ಬಂದ ತಮ್ಮ ಜಾಹೀರಾತನ್ನು ನೋಡಿ ಈ ಅರ್ಜಿ ಸಲ್ಲಿಸುತ್ತಿದ್ದೇನೆ. 2024ರಲ್ಲಿ ಬಿ.ಕಾಂ. ಪದವಿ ಪಡೆದಿದ್ದೇನೆ. ಕನ್ನಡ ಬೆರಳಚ್ಚಿನ ಜೂನಿಯರ್ ಪರೀಕ್ಷೆ ಪಾಸಾಗಿದ್ದು, ನುಡಿ ತಂತ್ರಾಂಶದಲ್ಲಿ ಪತ್ರ ಸಿದ್ಧಪಡಿಸಬಲ್ಲೆ. ಕಳೆದ ಹತ್ತು ತಿಂಗಳಿಂದ ಕಿರಾಣಿ ಅಂಗಡಿಯೊಂದರಲ್ಲಿ ನಗದು ಪುಸ್ತಕ ಬರೆಯುತ್ತಿದ್ದೇನೆ. ಸಂದರ್ಶನಕ್ಕೆ ಅವಕಾಶ ನೀಡಬೇಕೆಂದು ಕೋರುತ್ತೇನೆ.
>
> ವಂದನೆಗಳೊಂದಿಗೆ,
> ಇಂತಿ ತಮ್ಮ ವಿಶ್ವಾಸಿ,
> (ಅ.ಬ.ಕ.)
>
> ದಿನಾಂಕ: 12-06-2025
> ಸ್ಥಳ: ಶಿರಸಿ
> ಅಡಕ: ಅಂಕಪಟ್ಟಿ ಮತ್ತು ಬೆರಳಚ್ಚು ಪ್ರಮಾಣಪತ್ರದ ನಕಲು

ಸಂಘದ_ಲೆಕ್ಕಿಗ: ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ಬಂದದ್ದು ಒಳ್ಳೆಯದಾಯಿತು. ನಾನೊಂದು ಸಂಘದ ಕಚೇರಿಯಲ್ಲಿ ಅರ್ಜಿ ವಿಂಗಡಿಸುತ್ತಿದ್ದೆ. ಒಂದೇ ಜಾಹೀರಾತಿನಲ್ಲಿ ಗುಮಾಸ್ತ, ಅಟೆಂಡರ್ ಎರಡೂ ಹುದ್ದೆ ಇರುತ್ತಿದ್ದವು. "ಕೆಲಸಕ್ಕಾಗಿ ಅರ್ಜಿ" ಅಂತ ಮಾತ್ರ ಬರೆದವರನ್ನು ಯಾವ ಕಟ್ಟಿಗೆ ಸೇರಿಸುವುದು? ಪಕ್ಕಕ್ಕೆ ಇಡುತ್ತಿದ್ದೆವು. ಇನ್ನು ಅಡಕದಲ್ಲಿ "ನಕಲು" ಎಂಬ ಪದವನ್ನು ಬಿಡಬೇಡಿ. ಕೆಲವರು ಮೂಲ ಅಂಕಪಟ್ಟಿಯನ್ನೇ ಲಕೋಟೆಗೆ ಹಾಕಿ ಕಳಿಸಿ, ಆಮೇಲೆ ವಾಪಸ್ ಕೇಳಲು ಬರುತ್ತಿದ್ದರು.

ಮಲೆನಾಡಿಗ: ಸರಿ, ಟೇಬಲ್ ಬಿಟ್ಟೆ. ಆದರೆ ನಮ್ಮ ಮೇಡಂ ವಿಷಯವನ್ನು "ಮಾನ್ಯರೇ"ಗಿಂತ ಮೇಲೆ ಬರೆಸುತ್ತಾರೆ. ದಿನಾಂಕವೂ ಬಲಗಡೆ ಮೇಲೆ. ನಿಮ್ಮದು ತಪ್ಪಲ್ವಾ?

ಹಳೇ_ಮೇಷ್ಟ್ರು: ಎರಡೂ ರೂಢಿಯಲ್ಲಿವೆ. ನಾನು ಎರಡಕ್ಕೂ ಅಂಕ ಕೊಟ್ಟಿದ್ದೇನೆ.

ಮಲೆನಾಡಿಗ: ನೀವು ಕೊಟ್ಟಿರಿ ಸಾರ್, ಎಲ್ಲರೂ ಕೊಡುತ್ತಾರಾ? ನಾನಂತೂ ಮೇಡಂ ಹೇಳಿದ ಹಾಗೇ ಬರೆಯುತ್ತೇನೆ.

ಪರೀಕ್ಷೆ_ಭಯ: ಅಂಗಡಿಯ ಸಾಲನ್ನು ತಿದ್ದಿಕೊಂಡೆ. ಕೊನೆಯಲ್ಲಿ ಸಹಿ ನನ್ನದೇ ಹಾಕಬೇಕಾ?

ಹಳೇ_ಮೇಷ್ಟ್ರು: ಬೇಡವೇ ಬೇಡ. ಪ್ರಶ್ನೆಯಲ್ಲಿ ಕೊಟ್ಟ ಅ.ಬ.ಕ. ಅಷ್ಟೇ ಬರೆಯಿರಿ. ನಿಮ್ಮ ಹೆಸರು, ಶಾಲೆ, ಸಹಿ, ಫೋನ್ ನಂಬರ್ ಯಾವುದೂ ಉತ್ತರ ಪತ್ರಿಕೆಯ ಒಳಗೆ ಕಾಣಬಾರದು.

ಎಸ್‌ಡಿಎ_ಆಕಾಂಕ್ಷಿ: ಅದಿರಲಿ, ಆ ಹತ್ತು ತಿಂಗಳ ಅನುಭವಕ್ಕೆ ಅಂಗಡಿಯವರ ಪ್ರಮಾಣಪತ್ರ ಅಡಕದಲ್ಲಿ ಯಾಕಿಲ್ಲ?

ಹಳೇ_ಮೇಷ್ಟ್ರು: ಒಳ್ಳೆ ಪ್ರಶ್ನೆ. ಸೇರಿಸಿಕೊಳ್ಳಿ.