ಶಿರಸಿಯ ಸೈಬರ್‌ನಲ್ಲಿ ಜಿಮೇಲ್ ತೆರೆದೇ ಬಂದೆ, ಈಗ ನನ್ನ ಫೋನಿನಲ್ಲಿ ಬೇರೆಯವರ ಟ್ಯಾಬ್ ಕಾಣುತ್ತಿವೆ

ಸಿದ್ದಾಪುರದ_ಓದುಗಿ
ಗುರುವಾರ ಶಿರಸಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್‌ನಲ್ಲಿ ಆಧಾರ್ ಪ್ರಿಂಟ್ ತೆಗೆಸಲು ಜಿಮೇಲ್‌ಗೆ ಲಾಗಿನ್ ಆದೆ. ಏನೋ ಒಂದು ನೀಲಿ ಬಟನ್ ಬಂತು, ಓದದೆ ಒತ್ತಿದೆ. ಅಷ್ಟರಲ್ಲಿ ಕರೆಂಟು ಹೋಯಿತು, ಬಸ್ಸೂ ಹೊರಟಿತ್ತು, ಓಡಿ ಬಂದೆ. ನಿನ್ನೆ ಫೋನಿನ ಕ್ರೋಮ್‌ನಲ್ಲಿ Recent tabs ನೋಡಿದರೆ ಯಾರದೋ ಡಿಗ್ರಿ ರಿಸಲ್ಟ್ ಪೇಜು, ರೈಲು ಟಿಕೆಟ್ ಪೇಜು ಇವೆ. ನಾನು ತೆರೆದದ್ದಲ್ಲ. ಕರೆಂಟು ಹೋದ ಮೇಲೆ ಲಾಗಿನ್ ತಾನಾಗೇ ಹೋಗಿರಬೇಕಲ್ವಾ?

ಕಾರವಾರ_ಬೀಚ್‌ರೋಡ್
ಹೋಗಲ್ಲ. ಮತ್ತೆ ಅಲ್ಲಿಗೆ ಹೋಗಿ ಹಿಸ್ಟರಿ ಪೂರ್ತಿ ಅಳಿಸಿಬಿಡಿ, ಮುಗಿಯಿತು. ಮುಂದಿನ ಸಲ Ctrl+Shift+N ಒತ್ತಿ ಇನ್‌ಕಾಗ್ನಿಟೊದಲ್ಲಿ ತೆರೆಯಿರಿ, ಯಾವ ಭಯವೂ ಇಲ್ಲ.

ಹಳೇ_ಸೈಬರ್‌ಅಣ್ಣ
ತಂಗೀ, ನಾನು ಹಲವು ವರ್ಷ ಸೈಬರ್ ನಡೆಸಿದವನು, ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕಂಪ್ಯೂಟರ್ ಆಫ್ ಆದರೂ ಲಾಗಿನ್ ಕುಕಿ ಡಿಸ್ಕಿನಲ್ಲೇ ಉಳಿದಿರುತ್ತದೆ. ನಿಮ್ಮದು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಬೇರೆಯವರ ಟ್ಯಾಬ್ ನಿಮ್ಮ ಫೋನಿಗೆ ಬರುತ್ತಿದೆ ಅಂದರೆ, ನೀವು ಜಿಮೇಲ್‌ಗೆ ಮಾತ್ರ ಲಾಗಿನ್ ಆಗಿಲ್ಲ. ಆ ಕ್ರೋಮ್‌ಗೇ ಲಾಗಿನ್ ಆಗಿ sync ಶುರುವಾಗಿದೆ. ಅವರ ಟ್ಯಾಬ್ ಇತ್ತ ಬಂದ ಹಾಗೆ, ನಿಮ್ಮ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಅತ್ತ ಹೋಗಿರಬಹುದು.

ಈಗಲೇ ಫೋನಿನಲ್ಲಿ ಗೂಗಲ್ ಖಾತೆಯ Security ಒಳಗೆ Your devices ನೋಡಿ. ಅಲ್ಲಿ Windows ಅಂತ ಒಂದು ಇರುತ್ತದೆ. ಊರಿನ ಹೆಸರು ಹುಬ್ಬಳ್ಳಿ, ಬೆಂಗಳೂರು ಅಂತ ತೋರಿಸಿದರೆ ಹೆದರಬೇಡಿ, ಆ ಜಾಗ ಅಂದಾಜಿನದು. ಗುರುವಾರದ ಹೊತ್ತಿಗೆ ತಾಳೆಯಾದರೆ ಅದೇ. ಅದರ ಮೇಲೆ Sign out ಒತ್ತಿ, ಆಮೇಲೆ ಗೂಗಲ್ ಪಾಸ್‌ವರ್ಡ್ ಬದಲಿಸಿ.

ಇಷ್ಟಕ್ಕೇ ನಿಲ್ಲಿಸಬೇಡಿ. ದೂರದಿಂದ ಸೈನ್ ಔಟ್ ಮಾಡಿದರೆ sync ನಿಲ್ಲುತ್ತದೆ, ಆದರೆ ಆಗಲೇ ಇಳಿದ ಪಾಸ್‌ವರ್ಡ್‌ಗಳ ಪ್ರತಿ ಆ ಕಂಪ್ಯೂಟರಿನಲ್ಲೇ ಇರುತ್ತದೆ. ಅಲ್ಲಿ ಕೂತವರು ಒಂದು ಸೈಟ್ ತೆರೆದರೆ ನಿಮ್ಮ ಹೆಸರು, ಪಾಸ್‌ವರ್ಡ್ ತಾನಾಗೇ ತುಂಬಿಕೊಳ್ಳುತ್ತದೆ. ಅದಕ್ಕೇ passwords.google.com ತೆರೆದು ಪಟ್ಟಿ ನೋಡಿ, ಬ್ಯಾಂಕು, ದುಡ್ಡಿನ ಖಾತೆ ಮೊದಲು ಬದಲಿಸಿ.

ಕಾರವಾರದವರು ಹೇಳಿದ ಹಾಗೆ ಹಿಸ್ಟರಿ ಅಳಿಸುವುದು ಇಲ್ಲಿ ತಿರುಗಿ ಬೀಳುತ್ತದೆ. sync ಇರುವಾಗ ಅಲ್ಲಿ ಅಳಿಸಿದರೆ ನಿಮ್ಮ ಫೋನಿನ ಹಿಸ್ಟರಿಯೂ ಹೋಗುತ್ತದೆ, ಪಾಸ್‌ವರ್ಡ್‌ಗೂ ಟಿಕ್ ಹಾಕಿದ್ದರೆ ಅದೂ ಹೋಗುತ್ತದೆ. ಸರಿಯಾದ ದಾರಿ ಆ ಕ್ರೋಮ್‌ನ ಪ್ರೊಫೈಲನ್ನೇ ತೆಗೆಯುವುದು. ಮೇಲೆ ಬಲಗಡೆ ನಿಮ್ಮ ಫೋಟೋ ಒತ್ತಿ ಪ್ರೊಫೈಲ್‌ಗಳ ಪಟ್ಟಿಗೆ ಹೋಗಿ, ನಿಮ್ಮ ಹೆಸರಿನ ಮೂರು ಚುಕ್ಕೆಯಲ್ಲಿ Delete. ಹೀಗೆ ಮಾಡಿದರೆ ಆ ಕಂಪ್ಯೂಟರಿನಲ್ಲಿದ್ದದ್ದು ಮಾತ್ರ ಹೋಗುತ್ತದೆ, ಖಾತೆಯಲ್ಲಿದ್ದದ್ದು ಹಾಗೇ ಇರುತ್ತದೆ. ಸೈಬರಿನವರ ಸ್ವಂತ ಬುಕ್‌ಮಾರ್ಕ್‌ಗಳೂ ಅದೇ ಪ್ರೊಫೈಲಿನಲ್ಲಿರಬಹುದು, ಅವರನ್ನು ಕೇಳಿಯೇ ಮಾಡಿ.

ಕುಮಟಾ_ಅಮ್ಮ
ನನಗೂ ಹೀಗೇ ಆಗಿತ್ತು. ಜೆರಾಕ್ಸ್ ಅಂಗಡಿಯಲ್ಲಿ ವಾಟ್ಸಾಪ್ ವೆಬ್ ತೆರೆದು ಮಗನ ಮಾರ್ಕ್ಸ್ ಕಾರ್ಡ್ ಪ್ರಿಂಟ್ ಮಾಡಿಸಿದ್ದೆ. ಮನೆಗೆ ಬಂದು ಫೋನಿನ ನೆಟ್ ಆಫ್ ಮಾಡಿದೆ, ಅಲ್ಲಿ ಬಂದ್ ಆಗುತ್ತದೆ ಅಂತ. ಜಿಮೇಲ್‌ಗೂ ಹಾಗೇ ಮಾಡಬಹುದಾ?

ಹಳೇ_ಸೈಬರ್‌ಅಣ್ಣ
ಇಲ್ಲಮ್ಮಾ, ವಾಟ್ಸಾಪ್‌ಗೂ ಅದು ಆಗುವುದಿಲ್ಲ. ಈಗ ಫೋನಿಗೆ ನೆಟ್ ಇಲ್ಲದಿದ್ದರೂ ವೆಬ್ ನಡೆಯುತ್ತದೆ. ಫೋನನ್ನು 14 ದಿನ ಬಳಸದಿದ್ದರೆ ಮಾತ್ರ ತಾನಾಗಿ ಕಡಿಯುತ್ತದೆ. Linked devices ತೆರೆದು ಆ ಕಂಪ್ಯೂಟರ್ ಒತ್ತಿ Log out ಮಾಡಿ, ಇವತ್ತೇ ನೋಡಿ.

ಕಾರವಾರ_ಬೀಚ್‌ರೋಡ್
sync ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಇನ್‌ಕಾಗ್ನಿಟೊ ಸಾಕಲ್ವಾ?

ಹಳೇ_ಸೈಬರ್‌ಅಣ್ಣ
ಅರ್ಧ ಸಾಕು. ಇನ್‌ಕಾಗ್ನಿಟೊದ ಎಲ್ಲ ಕಿಟಕಿ ಮುಚ್ಚಿದರೆ ಲಾಗಿನ್ ಹೋಗುತ್ತದೆ. ಒಂದು ಕಿಟಕಿ ಕೆಳಗೆ ಉಳಿದಿದ್ದರೂ ಲಾಗಿನ್ ಜೀವಂತ. ಇಳಿಸಿದ ಫೈಲು ಅಂತೂ Downloads ಫೋಲ್ಡರಿನಲ್ಲೇ ಇರುತ್ತದೆ. ಕೀಬೋರ್ಡಿನಲ್ಲಿ ನೀವು ಒತ್ತಿದ್ದನ್ನೆಲ್ಲ ಕದ್ದು ಬರೆದುಕೊಳ್ಳುವ ಸಾಫ್ಟ್‌ವೇರ್ ಇದ್ದರೆ ಇನ್‌ಕಾಗ್ನಿಟೊ ಏನೂ ಮಾಡಲಾರದು.

ಸಿದ್ದಾಪುರದ_ಓದುಗಿ
ಅಣ್ಣಾ, Your devices ಒಳಗೆ Windows, ಹುಬ್ಬಳ್ಳಿ, ಗುರುವಾರ ಅಂತಲೇ ಇತ್ತು. ಸೈನ್ ಔಟ್ ಮಾಡಿದೆ, ಗೂಗಲ್ ಪಾಸ್‌ವರ್ಡ್ ಬದಲಿಸಿದೆ. ಉಳಿಸಿದ ಪಟ್ಟಿಯಲ್ಲಿ 23 ಇದ್ದವು, ಬ್ಯಾಂಕಿನದೂ ಸೇರಿ ಆರು ಬದಲಿಸಿದ್ದೇನೆ. Recent tabs ನಲ್ಲಿ ಹೊಸದು ಬರುವುದು ನಿಂತಿದೆ. ಶಿರಸಿಯಲ್ಲಿರುವ ಚಿಕ್ಕಮ್ಮನ ಮಗ ಹೋಗಿ ನೋಡಿದ, Downloads ಫೋಲ್ಡರಿನಲ್ಲಿ ನನ್ನ ಆಧಾರ್ ಪಿಡಿಎಫ್ ಹಾಗೇ ಇತ್ತಂತೆ. Shift+Delete ಮಾಡಿ ಬಂದ. ಪ್ರೊಫೈಲ್ ತೆಗೆಯಲು ಮಾಲೀಕರೇ ಬರಬೇಕು, ಸೋಮವಾರ ಬನ್ನಿ ಅಂದರಂತೆ. ಅಷ್ಟರಲ್ಲಿ ಯಾರಾದರೂ ಪಾಸ್‌ವರ್ಡ್ ನೋಡಿದ್ದಾರಾ ಅಂತ ತಿಳಿಯುವುದು ಹೇಗೆ?

ಹಳೇ_ಸೈಬರ್‌ಅಣ್ಣ
ಕ್ರೋಮ್ ಅದರ ಲೆಕ್ಕ ತೋರಿಸುವುದಿಲ್ಲ ತಂಗೀ. ನೋಡಿದ್ದಾರೆ ಅಂತಲೇ ತಿಳಿದು ಉಳಿದ 17 ಕೂಡ ಬದಲಿಸಿ. ಆ ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ, ನಿಮ್ಮ ಪರಿಚಯದವರಿಗೆ ಅದು ಬೀಗವೇ ಅಲ್ಲ. ಸೋಮವಾರ ಪ್ರೊಫೈಲ್ ತೆಗೆದ ಮೇಲೆ ಇಲ್ಲೇ ಹೇಳಿ.